ಹೂಂ ಅನ್ನದ ಆ ಒಂದು ಗಂಟೆ

ಆಸ್ಪತ್ರೆಯ ಎದುರುಗಡೆ, ಕನ್ನಡಕದ ಅಂಗಡಿಗೆ ಹತ್ತುವ ಮೆಟ್ಟಿಲುಗಳ ಕೆಳಗೆ ಒಂದು ಮೂಲೆ ಉಳಿದಿದೆ. ಎದ್ದು ನಿಂತರೆ ತಲೆ ತಾಕುತ್ತದೆ. ಅಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಕೆಮ್ಮುತ್ತ ಕೆಲಸ ಮಾಡುವ ಒಂದು ಪ್ರಿಂಟರು, ಮತ್ತು ಇಪ್ಪತ್ತೇಳು ವರ್ಷಗಳಿಂದ ಟೈಪಕ್ಕ. ಅವಳ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಪಕ್ಕದಲ್ಲಿ ಬೀಗದ ಕೈ ಮಾಡಿಕೊಡುವವನು ಒಮ್ಮೆ, "ಅಕ್ಕಾ, ನೀವು ಕಳೆದುಹೋದ್ರೆ ಪೊಲೀಸ್ನೋರಿಗೆ ಏನಂತ ಬರೆಸೋದು?" ಎಂದು ಕೇಳಿದ್ದ. "ಬರೆಸೋಕೆ ನನ್ನ ಹತ್ರಾನೇ ಬರ್ಬೇಕಲ್ಲ, ಆಗ ಕೇಳ್ಕೋ" ಎಂದಿದ್ದಳು.

ಅರ್ಜಿ, ಬಾಡಿಗೆ ಕರಾರು, ದೂರು, ವಿನಂತಿ, ಹೀಗೆ ಅವಳಿಗೆ ದಿನವಿಡೀ ಕೆಲಸ. ಆದರೆ ಆಸ್ಪತ್ರೆಯಿಂದ ಹೊರಬಂದ ಮುದುಕರು ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಬೇರೊಂದು ಕಾರಣಕ್ಕೆ. ಔಷಧಿ ಬಾಟಲಿಯ ಮೇಲಿನ ಇರುವೆಸಾಲಿನಂಥ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಟೈಪಕ್ಕ ಅದನ್ನು ನೋಡಿ ಹೆಬ್ಬೆರಳಿನ ಗಾತ್ರದ ಅಕ್ಷರದಲ್ಲಿ, ದಪ್ಪ ಕಾಗದದ ಮೇಲೆ ಅಚ್ಚು ಮಾಡಿಕೊಡುತ್ತಿದ್ದಳು. ಯಾವ ಔಷಧಿ, ಎಷ್ಟು, ದಿನಕ್ಕೆ ಎಷ್ಟು ಸಲ, ಊಟದ ಮುಂಚೆಯೋ ನಂತರವೋ. "ದೊಡ್ಡಕ್ಷರದ ಚೀಟಿ" ಎಂದೇ ಅದಕ್ಕೆ ಹೆಸರು ಬಿದ್ದಿತ್ತು. ಅಡುಗೆಮನೆಯ ಗೋಡೆಗೆ, ಬೀರುವಿನ ಬಾಗಿಲಿಗೆ ಅಂಟಿಸಿಕೊಂಡರೆ ಕನ್ನಡಕವಿಲ್ಲದೆಯೂ ಓದಬಹುದು.

ದೂರದವರು ಲೇಬಲ್ಲಿನ ಫೋಟೋ ಮೊಬೈಲಿಗೆ ಕಳಿಸುತ್ತಿದ್ದರು. ಅದಕ್ಕೂ ಅವಳದೊಂದು ಕಟ್ಟಳೆ ಇತ್ತು. ಫೋಟೋವನ್ನು ಒಂದೇ ಸಲ ತೆರೆದು ನೋಡಲು ಬರುವ ಹಾಗೆ ಕಳಿಸಬೇಕು. ನೋಡಿ ಮುಚ್ಚಿದ ಕೂಡಲೇ ಅದು ತಾನಾಗಿ ಅಳಿಸಿಹೋಗಬೇಕು. "ಊರಿನವರ ಕಾಯಿಲೆ ಎಲ್ಲ ನನ್ನ ಫೋನಲ್ಲಿ ಯಾಕೆ ಬಿದ್ದಿರ್ಬೇಕು? ನಾಳೆ ಇದು ಯಾರ ಕೈಗಾದ್ರೂ ಸಿಕ್ಕಿದ್ರೆ?" ಎನ್ನುತ್ತಿದ್ದಳು. ಈ ಮರ್ಯಾದೆಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಬೆರಳುಗಳ ಬಗ್ಗೆಯೂ ಇತ್ತು. ಅವಳಿಗೆ ಟೈಪಿಂಗ್ ಕಲಿಸಿದವರು ಮೇಷ್ಟ್ರು. ಹೆಂಚಿನ ಮನೆಯ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಮಿಷನ್ನುಗಳು, ಹನ್ನೆರಡು ಹುಡುಗಿಯರು. ಮೇಷ್ಟ್ರು ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತು, ಹೊರಗೆ ನೋಡುತ್ತಲೇ, "ಏಳನೇ ಮಿಷನ್ನು, ಕೈ ನೋಡ್ತಾ ಇದೀಯ" ಎನ್ನುತ್ತಿದ್ದರು. ಸದ್ದಿನಿಂದಲೇ ಅವರಿಗೆ ಗೊತ್ತಾಗುತ್ತಿತ್ತು. ಏಳನೇ ಮಿಷನ್ನಿನಲ್ಲಿ ಕೂರುತ್ತಿದ್ದವಳು ಟೈಪಕ್ಕ. ಒಮ್ಮೆ ಅವಳು ಪತ್ರವೊಂದನ್ನು ಅರ್ಧ ನೋಡಿ, ಉಳಿದರ್ಧ ಹೀಗೇ ಇರುತ್ತದೆಂದು ತಾನೇ ಹೊಡೆದು ಮುಗಿಸಿದ್ದಳು. ವಾಕ್ಯ ಚೆನ್ನಾಗಿಯೇ ಇತ್ತು, ಮೂಲಕ್ಕಿಂತ ಚೆನ್ನಾಗಿತ್ತು. ಮೇಷ್ಟ್ರು ಹಾಳೆಯನ್ನು ನಿಧಾನವಾಗಿ ಎಳೆದು ತೆಗೆದು, ಮಡಚಿ ಅವಳ ಕೈಗೇ ಕೊಟ್ಟಿದ್ದರು. "ಕಾಗದದಲ್ಲಿ ಇಲ್ಲದ್ದು ಬೆರಳಿಗೆ ಬರಬಾರದಮ್ಮ. ನೀನು ಬರೆಯೋಳಲ್ಲ, ನೋಡಿ ಹೊಡೆಯೋಳು." ಹದಿನೆಂಟರ ಹುಡುಗಿಗೆ ಅದು ಅವಮಾನವೆನಿಸಿತ್ತು. ಆಮೇಲೆ ಅದೇ ಅವಳ ಅನ್ನವಾಯಿತು.

ಈಗ ಮೇಷ್ಟ್ರಿಗೆ ಎಂಬತ್ತೊಂದು. ಹೊಟ್ಟೆಯೊಳಗಿನ ಗಡ್ಡೆ ಬೆನ್ನಿನ ಮೂಳೆಗೂ ಹರಡಿತ್ತು. ಆಸ್ಪತ್ರೆಯವರು, "ಇನ್ನು ಗುಣ ಮಾಡೋದು ಅಂತಿಲ್ಲ, ನೋವು ಆಗದ ಹಾಗೆ ನೋಡ್ಕೊಳ್ಳೋಣ" ಎಂದು ಹೇಳಿ ಮನೆಗೆ ಕಳಿಸಿದ್ದರು. ಮನೆಯಲ್ಲಿ ನೋಡಿಕೊಳ್ಳುತ್ತಿದ್ದವಳು ಮಗಳು. ಆ ಹನ್ನೆರಡು ಮಿಷನ್ನುಗಳ ನಡುವೆ ತೆವಳಿ ಬೆಳೆದ ಮಗು ಅದು; ಅವಳಿಗೆ ಈಗ ನಲವತ್ತಾಗಿದ್ದರೂ ಟೈಪಕ್ಕನ ಬಾಯಲ್ಲಿ ಪುಟ್ಟಿಯೇ. ಗಂಡ ಲಾರಿ ಓಡಿಸುತ್ತಿದ್ದ. ಮನೆ ಆಸ್ಪತ್ರೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ.

ನೋವಿಗೆ ಕೊಡುತ್ತಿದ್ದದ್ದು ಮಾರ್ಫಿನ್ ಎಂಬ ದ್ರಾವಣ. ನಾಲ್ಕು ಗಂಟೆಗೊಮ್ಮೆ, ಅಳತೆಯ ಚಮಚದಲ್ಲಿ ಐದು ಎಂಎಲ್, ಅಂದರೆ ಒಂದು ಚಮಚ ಪೂರ್ತಿ. ಹಿಂದಿನ ತಿಂಗಳು ಆ ಚೀಟಿಯನ್ನು ಮಾಡಿಕೊಟ್ಟವಳು ಟೈಪಕ್ಕನೇ. ಪುಟ್ಟಿ ಅದನ್ನು ಅಪ್ಪನ ಹಾಸಿಗೆಯ ತಲೆಯ ಕಡೆ ಅಂಟಿಸಿದ್ದಳು. ಮೇಷ್ಟ್ರು ಅದನ್ನು ನೋಡಿ, "ಏಳನೇ ಮಿಷನ್ನು. ಅಂಚು ಸರಿಯಾಗಿ ಬಿಟ್ಟಿದ್ದಾಳೆ" ಎಂದರಂತೆ. ಪುಟ್ಟಿ ಫೋನಿನಲ್ಲಿ ಇದನ್ನು ಹೇಳಿದಾಗ ಟೈಪಕ್ಕನಿಗೆ ಬಹುಮಾನ ಬಂದಂತಾಗಿತ್ತು.

ಆ ಬುಧವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಪುಟ್ಟಿಯಿಂದ ಫೋಟೋ ಬಂತು. ಜೊತೆಗೊಂದು ಸಾಲು: "ಹೊಸ ಬಾಟಲಿ ಅಕ್ಕ, ನಿನ್ನೆ ಸಂಜೆ ಇವರು ತಂದಿಟ್ಟು ಹೋದರು. ದೊಡ್ಡಕ್ಷರದಲ್ಲಿ ಮಾಡಿ ಕಳಿಸಿ. ಹಳೆಯದು ಹತ್ತು ಗಂಟೆಗೆ ಮುಗಿಯುತ್ತದೆ, ಮಧ್ಯಾಹ್ನ ಎರಡಕ್ಕೆ ಇದರಿಂದ ಮೊದಲನೇ ಸಲ." ಟೈಪಕ್ಕನ ಎದುರು ವಕೀಲರ ಗುಮಾಸ್ತ ಹನ್ನೊಂದು ಪುಟದ ಕರಾರು ಹಿಡಿದು ನಿಂತಿದ್ದ. ಹತ್ತೂವರೆಗೆ ಕಚೇರಿಗೆ ಸೇರಬೇಕು ಎಂದು ಕಾಲು ಬದಲಿಸುತ್ತಿದ್ದ. ಅವಳು ಒಂದು ಕೈಯಲ್ಲಿ ಪುಟ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಫೋಟೋ ತೆರೆದಳು. ಕಂದು ಬಾಟಲಿ, ಬಿಳಿ ಲೇಬಲ್ಲು, ಮೇಷ್ಟ್ರ ಹೆಸರು, ಕೆಳಗೆ ಎರಡು ಮೂರು ಸಾಲು. ಕಣ್ಣು ಅವುಗಳ ಮೇಲೆ ಹಾದುಹೋಯಿತು. ಅಷ್ಟರಲ್ಲಿ ಯಾರದೋ ಕರೆ ಬಂತು. ಬೆರಳು ತಾನಾಗಿ ಅದನ್ನು ಸರಿಸಿತು. ಫೋಟೋವೂ ಸರಿಯಿತು.

ಆ ಕ್ಷಣದಲ್ಲಿ ಅವಳಿಗೆ ಅದು ಹೊಳೆಯಲೇ ಇಲ್ಲ. ಕರಾರು ಮುಗಿಸಿ, ಇನ್ನೂ ನಾಲ್ವರನ್ನು ಕಳಿಸಿ, ಹನ್ನೆರಡೂವರೆಗೆ ಫೋನು ತೆಗೆದರೆ ಅಲ್ಲಿ ಚಿತ್ರವಿರಲಿಲ್ಲ, "ತೆರೆಯಲಾಗಿದೆ" ಎಂಬ ಬೂದು ಪದ ಒಂದೇ ಇತ್ತು. "ಇನ್ನೊಂದು ಸಲ ಕಳಿಸು ಮರಿ" ಎಂದು ಬರೆದಳು. ಉತ್ತರವಿಲ್ಲ.

ಒಂದು ಗಂಟೆಗೆ ಪುಟ್ಟಿಯೇ ಕರೆ ಮಾಡಿದಳು. ಹಿಂದೆ ನರಳಾಟ ಕೇಳುತ್ತಿತ್ತು.

"ಅಕ್ಕಾ, ಚೀಟಿ ಆಯ್ತಾ? ಅಪ್ಪಂಗೆ ಹತ್ತು ಗಂಟೆದು ತಡೀಲೇ ಇಲ್ಲ, ಆಗ್ಲೇ ಶುರುವಾಗಿದೆ."

"ಫೋಟೋ ಹೋಯ್ತು ಮರಿ. ಬಾಟಲೀದು ಇನ್ನೊಂದು ತೆಗೆದು ಕಳಿಸು, ಎರಡು ನಿಮಿಷದಲ್ಲಿ ಮಾಡ್ಕೊಡ್ತೀನಿ."

"ಅಪ್ಪ ವಾಂತಿ ಮಾಡ್ಕೊಂಡ್ರಕ್ಕಾ. ಬಾಟಲಿ ಮೇಲೆಲ್ಲ ಬಿತ್ತು. ನಾನು ಸ್ಪಿರಿಟ್ ಹಾಕಿ ಒರೆಸ್ಬಿಟ್ಟೆ."

ಮತ್ತೊಂದು ಫೋಟೋ ಬಂತು. ಲೇಬಲ್ಲಿನ ಕಾಗದವಿತ್ತು, ಶಾಯಿ ಮಾತ್ರ ಮಳೆಮೋಡದ ಹಾಗೆ ನೀಲಿಯಾಗಿ ಹರಡಿಕೊಂಡಿತ್ತು. ಆಸ್ಪತ್ರೆಯವರು ದೊಡ್ಡ ಬಾಟಲಿಯಿಂದ ಸುರಿದು ಕೊಟ್ಟ ಸಣ್ಣ ಬಾಟಲಿ ಅದು. ಕಂಪನಿಯ ಅಚ್ಚು ಅಂತ ಅದರ ಮೇಲೆ ಬೇರೇನೂ ಇರಲಿಲ್ಲ. ಪುಟ್ಟಿಯ ಫೋನಿನಲ್ಲೂ ಮೊದಲಿನ ಚಿತ್ರ ಉಳಿದಿರಲಿಲ್ಲ. ಟೈಪಕ್ಕನ ಕಟ್ಟಳೆಯಂತೆ ಅಲ್ಲೇ ತೆಗೆದು ಅಲ್ಲೇ ಕಳಿಸಿದ್ದು.

"ಡಾಕ್ಟ್ರು ಬರೆದ ಚೀಟಿ?"

"ಈ ಔಷಧೀದು ಅವರೇ ಇಟ್ಕೋತಾರಲ್ಲ ಅಕ್ಕಾ, ವಾಪಸ್ ಕೊಡಲ್ಲ."

ಅದು ನಿಜ. ಬೇರೆ ಔಷಧಿಗಳ ಚೀಟಿ ಮನೆಗೆ ಬರುತ್ತದೆ, ಇದರ ಚೀಟಿ ಔಷಧಿ ಕೌಂಟರಿನ ಬೀರುವಿನಲ್ಲೇ ಉಳಿಯುತ್ತದೆ. ರಿಜಿಸ್ಟರಿನಲ್ಲಿ ಒಂದೊಂದು ಎಂಎಲ್ಲಿಗೂ ಲೆಕ್ಕ, ಸಹಿ.

"ನಿಮಗೆ ಎಲ್ಲ ನೆನಪಿರುತ್ತಲ್ಲ ಅಕ್ಕಾ? ನೋಡಿದೀರಲ್ಲ, ಅದನ್ನೇ ಟೈಪ್ ಮಾಡಿ ಕಳಿಸಿ. ಹಾಗೇ ಹೇಳಿದ್ರೂ ಸಾಕು."

ಟೈಪಕ್ಕ ಹಿಂದಿನ ತಿಂಗಳ ಚೀಟಿಯನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಕೆಳಗೆ ಹೊಸದನ್ನು ಹೊಡೆಯತೊಡಗಿದಳು. ಮೇಷ್ಟ್ರ ಹೆಸರು. ಔಷಧಿಯ ಹೆಸರು. ನಾಲ್ಕು ಗಂಟೆಗೊಮ್ಮೆ. ಬೆರಳು ತಡವರಿಸದೆ "5 ಎಂಎಲ್" ಎಂದು ಹೊಡೆಯಿತು. ಕಣ್ಣು ಮುಚ್ಚಿದಳು, ಬಿಳಿ ಲೇಬಲ್ಲು, ಮೂರನೇ ಸಾಲಿನಲ್ಲಿ ಐದು ಎಂಎಲ್ ಸ್ಪಷ್ಟವಾಗಿ ಕಂಡಿತು. ಕಣ್ಣು ತೆರೆದಳು. ಎದುರಿಗಿದ್ದ ಹಳೆಯ ಚೀಟಿಯಲ್ಲೂ ಮೂರನೇ ಸಾಲಿನಲ್ಲೇ ಇತ್ತು ಅದು. ಬೆಳಿಗ್ಗೆ ಕಂಡದ್ದು ಯಾವುದು, ಹೋದ ತಿಂಗಳು ತಾನೇ ಹೊಡೆದದ್ದು ಯಾವುದು? ಎರಡೂ ಒಂದರ ಮೇಲೊಂದು ಕೂತು, ನಡುವೆ ಕೂದಲೆಳೆಯೂ ಕಾಣದ ಹಾಗೆ ಅಂಟಿಕೊಂಡಿದ್ದವು.

ಮರೆತಿದ್ದರೆ ಮರೆತೆ ಎನ್ನಬಹುದಿತ್ತು. ಇದು ಮರೆತದ್ದಲ್ಲ, ಚೆನ್ನಾಗಿ ನೆನಪಿರುವುದು.

"ಎರಡಕ್ಕೆ ಇನ್ನೂ ಐವತ್ತು ನಿಮಿಷ ಇದೆ. ಕೌಂಟರಿಗೆ ಹೋಗಿ ಕೇಳ್ಕೊಂಡು ಬರ್ತೀನಿ. ನಾನು ಹೇಳೋತನಕ ಕೊಡ್ಬೇಡ ಪುಟ್ಟೀ" ಎಂದು ಹೇಳಿ, ಮೇಜಿನ ಖಾನೆಗೆ ಬೀಗ ಹಾಕದೆಯೇ ರಸ್ತೆ ದಾಟಿದಳು.

ಔಷಧಿ ಕೌಂಟರಿನಲ್ಲಿ ಸಹಾಯಕಿ ಹುಡುಗಿ ಒಬ್ಬಳೇ ಇದ್ದಳು. ಫಾರ್ಮಸಿಸ್ಟ್ ವಾರ್ಡುಗಳಿಗೆ ಔಷಧಿ ತಲುಪಿಸಲು ಹಿಂದಿನ ಕಟ್ಟಡಕ್ಕೆ ಹೋಗಿದ್ದರು. ಬುಧವಾರವೆಂದರೆ ಮೂರರ ತನಕ ಬರುವುದಿಲ್ಲ. ಬೀರುವಿನ ಕೀಲಿ ಅವರ ಸೊಂಟದಲ್ಲಿ.

"ನಿನ್ನೆ ಕೊಟ್ಟಿದ್ದು ನೀನೇ ಅಲ್ವೇನಮ್ಮ? ನೆನಪಿದ್ರೆ ಹೇಳು."

"ಅದನ್ನ ಅವರೊಬ್ಬರೇ ಕೊಡೋದು ಅಕ್ಕ. ನೆನಪಿದ್ರೂ ನಾನು ಬಾಯಲ್ಲಿ ಹೇಳೋ ಹಾಗಿಲ್ಲ, ನನ್ನ ಕೆಲಸ ಹೋಗುತ್ತೆ."

ಟೈಪಕ್ಕ ಫಾರ್ಮಸಿಸ್ಟರ ಮೊಬೈಲಿಗೆ ಕರೆ ಮಾಡಿದಳು. ಅದು ಕೌಂಟರಿನೊಳಗಿನ ಮುಚ್ಚಿದ ಡ್ರಾಯರಿನಲ್ಲೇ ಗುಂಯ್‌ಗುಟ್ಟತೊಡಗಿತು. ಹುಡುಗಿಯೂ ಅವಳೂ ಆ ಡ್ರಾಯರನ್ನೇ ನೋಡುತ್ತ ನಿಂತರು.

ತುರ್ತು ವಿಭಾಗದ ಡ್ಯೂಟಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ನಿಂತೇ ಕೇಳಿಸಿಕೊಂಡು, "ಯಾವ ಬಾಟಲಿ, ಎಷ್ಟು ಸ್ಟ್ರಾಂಗು ಅಂತ ಗೊತ್ತಿಲ್ದೆ ಈ ಔಷಧಿಗೆ ನಾನು ಅಂದಾಜಲ್ಲಿ ಹೇಳಲ್ಲಮ್ಮ. ಆಗಲ್ಲ ಅಂದ್ರೆ ಆಂಬುಲೆನ್ಸಲ್ಲಿ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ರಿಜಿಸ್ಟರು ನೋಡಿಸಿ, ಅದೇ ಬೇಗ" ಎಂದರು. ಬೆನ್ನು ಅಲುಗಿದರೆ ಕಿರುಚುವ ಮನುಷ್ಯನನ್ನು ಒಂದೂವರೆ ಗಂಟೆ ಹೊಂಡದ ರಸ್ತೆಯಲ್ಲಿ ಕರೆತರುವುದನ್ನು ಅವಳು ಊಹಿಸಿಕೊಳ್ಳಲಾರದೆ ಹೋದಳು.

ಹಿಂದಿನ ಕಟ್ಟಡಕ್ಕೆ ನಾಲ್ಕು ಅಂತಸ್ತು. ಲಿಫ್ಟು ಸ್ಟ್ರೆಚರಿಗೆ ಮಾತ್ರ. ಎರಡನೇ ಅಂತಸ್ತಿನಲ್ಲಿ, "ಈಗ ತಾನೇ ಮೇಲಕ್ಕೆ ಹೋದ್ರು" ಎಂದರು. ಮೇಲೆ, "ಈಗ ತಾನೇ ಕೆಳಗೆ ಹೋದ್ರು" ಎಂದರು. ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ಮೂರನೇ ಅಂತಸ್ತಿನ ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ನಿಂತಿದ್ದಾಗ ಫೋನು ಬಂತು.

"ಅಕ್ಕಾ." ಪುಟ್ಟಿಯ ದನಿ ಚಿಕ್ಕದಾಗಿತ್ತು. "ಲಾರೀಲಿರೋ ಇವ್ರು ಈಗ ಫೋನಿಗೆ ಸಿಕ್ರು. ಔಷಧಿ ಕೊಟ್ಟೋರು ಏನೋ ಮುಕ್ಕಾಲು ಅಂದ ಹಾಗೆ ನೆನಪಂತೆ. ಮುಕ್ಕಾಲು ಚಮಚ ಇರ್ಬೇಕು. ಬಾಕ್ಸಲ್ಲಿ ಮಕ್ಕಳಿಗೆ ಹಾಕೋ ಥರದ ಒಂದು ಪುಟ್ಟ ಸಿರಿಂಜೂ ಇದೆ, ಅದ್ಯಾಕೆ ಅಂತ ಅವರಿಗೂ ಸರಿಯಾಗಿ ಗೊತ್ತಿಲ್ಲ. ಮೊದಲು ಪೂರ್ತಿ ಚಮಚ ಕೊಡ್ತಿದ್ವಿ. ಈಗ ಮುಕ್ಕಾಲು ಅಂದ್ರೆ ಕಮ್ಮೀನೇ ತಾನೆ? ಕಮ್ಮಿ ಕೊಟ್ರೆ ಏನಾಗುತ್ತೆ? ಸುರಿದು ಇಟ್ಕೊಂಡಿದೀನಿ. ನೀವು ಒಂದು ಸಲ ಹೂಂ ಅನ್ನಿ, ಸಾಕು."

ಹಿಂದೆ ಮೇಷ್ಟ್ರ ಸದ್ದು. ಅದು ನರಳಾಟವೂ ಅಲ್ಲ. ಉಸಿರು ಎಳೆದುಕೊಂಡು, ತಡೆದು, ಬಿಡುವ ಹೊತ್ತಿಗೆ ಮುರಿಯುವಂಥ ಸದ್ದು. ಹನ್ನೆರಡು ಮಿಷನ್ನುಗಳ ನಡುವೆ ಒಂದರ ತಪ್ಪನ್ನು ಕೇಳಿಸಿಕೊಳ್ಳುತ್ತಿದ್ದವರು.

ಟೈಪಕ್ಕನಿಗೆ ಹೂಂ ಅನ್ನಬೇಕೆನಿಸಿತು. ಪುಟ್ಟಿಯ ಮಾತಿನಲ್ಲಿ ತಪ್ಪು ಕಾಣಲಿಲ್ಲ. ತನ್ನ ಐದಕ್ಕಿಂತ ಮುಕ್ಕಾಲು ಚಮಚ ಕಡಿಮೆಯೇ. ತುಟಿಯವರೆಗೆ ಬಂದಿತ್ತು. ಆದರೆ ಇಬ್ಬರ ನೆನಪು ಎರಡು ಥರ ಇತ್ತು, ಬಾಟಲಿ ಹೊಸದು, ಹಳೆಯದರಲ್ಲಿ ಇಲ್ಲದ ಸಿರಿಂಜು ಯಾಕೆ ಬಂತು ಎಂದು ಹೇಳುವವರಿರಲಿಲ್ಲ. ಕಾಗದ ಯಾರ ಮುಂದೆಯೂ ಇರಲಿಲ್ಲ.

"ಬೇಡ ಪುಟ್ಟಿ."

"ಅಕ್ಕಾ, ಒದ್ದಾಡ್ತಿದಾರೆ!"

"ಕೇಳಿಸ್ತಾ ಇದೆ ಮರಿ. ಬೇಡ. ಆ ಚಮಚ ಕೆಳಗಿಡು."

"ನಿಮ್ಮ ಅಪ್ಪ ಆಗಿದ್ರೆ?"

ಪುಟ್ಟಿ ಫೋನು ಇಟ್ಟಳು. ಚಮಚ ಕೆಳಗಿಟ್ಟಳೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ.

ಬೀಗದವನು ಅಂಗಡಿಯಿಂದ ಕರೆ ಮಾಡಿ, "ಅಕ್ಕಾ, ಖಾನೆ ತೆರೆದೇ ಹೋಗಿದೀರ. ನಾನು ಕಾಯ್ತಿದೀನಿ ಬಿಡಿ" ಎಂದ. ಅವಳ ಏದುಸಿರು ಕೇಳಿ ವಿಷಯ ತಿಳಿದುಕೊಂಡು, "ಹೋಗೋ ಜೀವ ಅಕ್ಕ ಅದು. ಹೂಂ ಅಂದ್ಬಿಡಿ ಅತ್ಲಾಗೆ. ಹೆಚ್ಚೂಕಮ್ಮಿ ಆದ್ರೆ ತಾನೆ ಏನು?" ಎಂದ. ಅವನು ಕೆಟ್ಟವನಲ್ಲ. ಅವನ ಮಾತಿನಲ್ಲಿ ಕನಿಕರವೇ ಇತ್ತು. ಟೈಪಕ್ಕ "ಹೋಗೋ ಜೀವ ಆದ್ರೆ ಕಳಿಸೋಕೆ ನಾನ್ಯಾರೋ?" ಎಂದು ಹೇಳಿ ಮೆಟ್ಟಿಲು ಇಳಿಯತೊಡಗಿದಳು.

ಎರಡೂಮುಕ್ಕಾಲಿಗೆ ನೆಲಮಾಳಿಗೆಯ ದಾಸ್ತಾನು ಕೋಣೆಯಲ್ಲಿ ಫಾರ್ಮಸಿಸ್ಟ್ ಸಿಕ್ಕರು. ಬಿಳಿಕೂದಲಿನ ತೆಳ್ಳನೆಯ ಮನುಷ್ಯ, ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಗ್ಲೂಕೋಸ್ ಬಾಟಲಿಗಳನ್ನು ಎಣಿಸುತ್ತಿದ್ದರು. ಅವಳು ಹೇಳಿದ್ದನ್ನು ಅರ್ಧ ಕೇಳುವಷ್ಟರಲ್ಲೇ ಎಣಿಕೆ ಬಿಟ್ಟು ಎದ್ದರು.

"ಕೊಟ್ಟಿದಾರಾ?" ಎಂದದ್ದೊಂದೇ ಮಾತು.

"ಗೊತ್ತಿಲ್ಲ ಸಾರ್. ಬೇಡ ಅಂದಿದೀನಿ."

ದಾರಿಯುದ್ದಕ್ಕೂ ಅವರು ಓಡುನಡಿಗೆಯಲ್ಲೇ ಇದ್ದರು. ಬೀರು ತೆಗೆದು, ದಪ್ಪ ರಿಜಿಸ್ಟರು ಬಿಡಿಸಿ, ಬೆರಳಿಟ್ಟು ಸಾಲು ಹುಡುಕಿದರು. ನಂತರ ಡಾಕ್ಟರ ಚೀಟಿಗಳ ಕಟ್ಟಿನಿಂದ ಒಂದನ್ನು ಎಳೆದು ಎರಡನ್ನೂ ಅಕ್ಕಪಕ್ಕ ಇಟ್ಟರು. ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು, ದಿನಾಂಕ. ಎಲ್ಲ ತಾಳೆಯಾದ ಮೇಲೆಯೇ ತಾವೇ ಪುಟ್ಟಿಗೆ ಕರೆ ಮಾಡಿದರು. ಪುಟ್ಟಿ ಫೋನು ಎತ್ತುವವರೆಗೆ ಟೈಪಕ್ಕ ಕೌಂಟರಿನ ಅಂಚನ್ನು ಹಿಡಿದುಕೊಂಡಿದ್ದಳು.

"ನಾನು ಔಷಧಿ ಕೌಂಟರಿಂದ ಮಾತಾಡ್ತಿರೋದಮ್ಮ. ಹತ್ತು ಗಂಟೆ ಆದ್ಮೇಲೆ ಅಪ್ಪಂಗೆ ಏನಾದ್ರೂ ಕೊಟ್ರಾ?"

"ಇಲ್ಲ." ಅಳುವಿಗೂ ಕೋಪಕ್ಕೂ ನಡುವಿನ ದನಿ. "ಚಮಚ ಕೈಲಿದೆ."

ಫಾರ್ಮಸಿಸ್ಟ್ ಒಮ್ಮೆ ಕಣ್ಣು ಮುಚ್ಚಿ ತೆರೆದರು. "ಅದನ್ನ ಕೊಡ್ಬೇಡಿ. ಬಾಟಲಿಗೂ ವಾಪಸ್ ಹಾಕ್ಬೇಡಿ, ಒಂದು ಲೋಟದಲ್ಲಿ ಮುಚ್ಚಿ ಯಾರ ಕೈಗೂ ಸಿಗದ ಕಡೆ ಇಡಿ. ಈಗ ಹೇಳಿ, ಅಪ್ಪ ಎಚ್ಚರವಾಗಿದಾರಾ? ಉಸಿರು ಸರಿಯಾಗಿ ಆಡ್ತಿದಾರಾ? ಸರಿ. ಬಾಕ್ಸಲ್ಲಿರೋ ಪುಟ್ಟ ಸಿರಿಂಜು ತಗೊಳ್ಳಿ. ಔಷಧಿ ಅದರಲ್ಲೇ, ಚಮಚದಲ್ಲಿ ಅಲ್ಲವೇ ಅಲ್ಲ. ಸೊನ್ನೆ ಬಿಂದು ಏಳು ಐದು, ಅಂದ್ರೆ ಒಂದು ಎಂಎಲ್‌ನಲ್ಲಿ ಮುಕ್ಕಾಲು ಭಾಗ. ಆ ಗೆರೆ ತನಕ ಎಳೀರಿ. ವಿಡಿಯೋ ಹಾಕಿ, ನನಗೆ ತೋರಿಸಿ."

ಪರದೆಯಲ್ಲಿ ಪುಟ್ಟಿಯ ಕೈ, ಸಿರಿಂಜು. "ಇನ್ನೊಂದು ಚೂರು ಕೆಳಗೆ. ಹಾಂ. ಅಲ್ಲಿಗೆ. ಈಗ ಕೆನ್ನೆಯ ಒಳಗಡೆ ನಿಧಾನವಾಗಿ ಬಿಡಿ. ಮುಂದಿಂದು ಏಳು ಗಂಟೆಗೆ, ಇಷ್ಟೇ. ತುಂಬಾ ಮಂಪರು ಬಂದು ಎಬ್ಬಿಸಿದ್ರೂ ಏಳದಿದ್ರೆ, ಉಸಿರು ನಿಧಾನ ಆದ್ರೆ, ಮುಂದಿಂದು ಕೊಡದೆ ತಕ್ಷಣ ಫೋನ್ ಮಾಡಿ. ಈಗ ನಾನು ಹೇಳಿದ್ದನ್ನ ನೀವು ನನಗೆ ವಾಪಸ್ ಹೇಳಿ."

ಪುಟ್ಟಿ ಹೇಳಿದಳು. ಎಲ್ಲೂ ತಪ್ಪಲಿಲ್ಲ.

ಫೋನು ಇಟ್ಟ ಮೇಲೆ ಅವರು ಟೈಪಕ್ಕನ ಕಡೆ ತಿರುಗಿದರು. "ನಿಮಗೆ ಎಷ್ಟು ಅಂತ ನೆನಪಿತ್ತು?"

"ಐದು."

"ಹಳೇದು ಐದು. ಅದರಲ್ಲಿ ಒಂದು ಚಮಚ ಕುಡಿದ್ರೆ ಹತ್ತು ಮಿಲಿಗ್ರಾಂ ಔಷಧಿ. ನುಂಗೋದು ಕಷ್ಟ ಆಯ್ತು ಅಂತ ಡಾಕ್ಟ್ರು ಗಟ್ಟಿ ದ್ರಾವಣಕ್ಕೆ ಬದಲಾಯಿಸಿದ್ರು, ಹತ್ತರಷ್ಟು ಗಟ್ಟಿ. ನೋವು ಜಾಸ್ತಿ ಅಂತ ಹದಿನೈದು ಮಿಲಿಗ್ರಾಂಗೆ ಏರಿಸಿದ್ರು. ಅದಕ್ಕೆ ಈ ಮುಕ್ಕಾಲು ಎಂಎಲ್ಲೇ ಸಾಕು. ಈ ಬಾಟಲೀದು ಐದು ಎಂಎಲ್ ಹಾಕಿದ್ರೆ ನೂರು ಮಿಲಿಗ್ರಾಂ."

"ಮುಕ್ಕಾಲು ಚಮಚ?"

"ಎಪ್ಪತ್ತೈದು. ಬೇಕಾಗಿರೋದಕ್ಕೆ ಐದು ಪಟ್ಟು. ನಿದ್ದೆ ಬರುತ್ತೆ. ಆಮೇಲೆ ಉಸಿರಾಡೋದೇ ನಿಂತುಹೋಗ್ಬಹುದು." ಅವರು ರಿಜಿಸ್ಟರನ್ನು ಮುಚ್ಚಲಿಲ್ಲ, ಅವಳಿಗೆ ಕಾಣುವ ಹಾಗೆ ತಿರುಗಿಸಿದರು. "ನೆನಪು ಕಮ್ಮಿ ಇರೋರು ಬಂದು ಕೇಳ್ತಾರಮ್ಮ. ಚೆನ್ನಾಗಿ ನೆನಪಿರೋರದೇ ನನಗೆ ಭಯ. ಇಲ್ಲಿ ನೋಡ್ಕೊಂಡು ಟೈಪ್ ಮಾಡಿ. ಆದ್ಮೇಲೆ ನಾನು ಓದಿ ಸಹಿ ಹಾಕ್ತೀನಿ, ಆಮೇಲೆ ಕಳಿಸಿ."

ಅವಳು ಕೌಂಟರಿನ ಕಂಪ್ಯೂಟರಿನಲ್ಲಿ ಹಾಗೆಯೇ ಮಾಡಿದಳು. ಔಷಧಿಯ ಹೆಸರು, ಗಟ್ಟಿತನ, ಪ್ರಮಾಣ, ಸಿರಿಂಜು, ಗಂಟೆ. ಒಂದೊಂದು ಅಂಕಿಗೂ ಮೂಲ ನೋಡಿದಳು. ಹಳೆಯ ಚೀಟಿಯನ್ನು ಹರಿದುಹಾಕು ಎಂದೂ ಬರೆದು ಕಳಿಸಿದಳು. ಸಹಿಯಿದ್ದ ಚೀಟಿಯ ಚಿತ್ರವನ್ನು ಪುಟ್ಟಿ ನೋಡಿದಳೆಂದು ಫೋನು ತೋರಿಸಿತು. ಉತ್ತರ ಬರಲಿಲ್ಲ.

ಮೇಷ್ಟ್ರು ಶುಕ್ರವಾರ ಬೆಳಗಿನ ಜಾವ ಹೋದರು. ಸುದ್ದಿ ಟೈಪಕ್ಕನಿಗೆ ಬಂದದ್ದು ಹಳೆಯ ಮೂರನೇ ಮಿಷನ್ನಿನ ಗೆಳತಿಯಿಂದ. ಪುಟ್ಟಿಯಿಂದಲ್ಲ. ಅವಳು ಹೋಗಿ, ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ನಿಂತು, ಮುಖ ನೋಡಿ, ಬಂದಳು. ಹಾಸಿಗೆಯ ತಲೆಯ ಕಡೆ ಪುಟ್ಟಿ ಅಚ್ಚು ಹಾಕಿಸಿಕೊಂಡ ಹೊಸ ಚೀಟಿ ಇತ್ತು. ಪುಟ್ಟಿ ಅವಳತ್ತ ತಿರುಗಲಿಲ್ಲ.

ಐದು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪುಟ್ಟಿ ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಒಳಬಂದಳು. ಭುಜದ ಚೀಲದಲ್ಲಿ ಏನೋ ಗಾಜಿನ ಸದ್ದು. ಬೀಗದವನು ತನ್ನ ಸ್ಟೂಲನ್ನು ಅವಳಿಗೆ ಸರಿಸಿ, ಕೀಲಿ ಉಜ್ಜುವ ಅರ ಹಿಡಿದುಕೊಂಡು ಹೊರಗೆ ಹೋಗಿ ನಿಂತ.

"ಮರಣ ಪತ್ರಕ್ಕೆ ಅರ್ಜಿ ಬೇಕಿತ್ತು" ಎಂದಳು ಪುಟ್ಟಿ. ಯಾರೋ ಗಿರಾಕಿ ಹೇಳುವ ಹಾಗೆ.

"ಮಾಡೋಣ. ಕೂತ್ಕೋ."

"ಬಾಟಲೀನೂ ವಾಪಸ್ ಕೊಡ್ಬೇಕಂತೆ, ಉಳಿದಿದ್ದೆಲ್ಲ. ಲೋಟದಲ್ಲಿ ಮುಚ್ಚಿಟ್ಟಿದ್ದನ್ನೂ ಬೇರೆ ಸೀಸೇಲಿ ತಂದಿದೀನಿ. ಅಳೆದು ನೋಡಿ ರಿಜಿಸ್ಟರಲ್ಲಿ ಬರ್ಕೋತಾರಂತೆ." ಸ್ವಲ್ಪ ಹೊತ್ತು ಚೀಲದ ದಾರವನ್ನು ಬೆರಳಿಗೆ ಸುತ್ತಿದಳು. "ಅವತ್ತು ಮೂರು ಗಂಟೆಗೆ ಔಷಧಿ ಹೋಯ್ತಲ್ಲ, ಅರ್ಧ ಗಂಟೇಲಿ ಅಪ್ಪ ಮಲಗಿದ್ರು. ಆಮೇಲೆ ಸರಿಯಾಗಿ ಕಣ್ಣು ಬಿಡ್ಲೇ ಇಲ್ಲ. ಔಷಧಿಯಿಂದಲ್ಲ, ದೇಹಾನೇ ಮುಗೀತಾ ಬಂದಿತ್ತು ಅಂದ್ರು ನರ್ಸಮ್ಮ. ಅಂದ್ರೆ ಅವ್ರು ಕೊನೇಗೆ ಎಚ್ಚರ ಇದ್ದಿದ್ದು ಆ ಒಂದು ಗಂಟೇನೇ ಅಕ್ಕ. ಎರಡರಿಂದ ಮೂರು. ಅದರಲ್ಲಿ ನನ್ನ ಮುಖಾನೂ ನೋಡ್ಲಿಲ್ಲ, ಗೋಡೆ ಪರಚ್ತಾ ಇದ್ರು."

ಟೈಪಕ್ಕ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು.

"ನೀವು ಮಾಡಿದ್ದು ಸರೀನೇ" ಎಂದಳು ಪುಟ್ಟಿ. "ನಂಗೆ ಗೊತ್ತು. ಚಮಚ ಇದ್ದಿದ್ದು ನನ್ನ ಕೈಲೇ. ಅದೇ ಕಷ್ಟ. ನಿಮ್ದು ತಪ್ಪಾಗಿದ್ರೆ ಬೈದಾದ್ರೂ ಹಗುರ ಆಗ್ತಿದ್ದೆ."

"ನಂದು ತಪ್ಪಿದೆ ಪುಟ್ಟಿ." ಐದು ವಾರದಿಂದ ಒಳಗೆ ಹೊಡೆದು ಹೊಡೆದು ಅಳಿಸುತ್ತಿದ್ದ ಸಾಲು ಅದು. "ಆ ಫೋಟೋ ತಾನಾಗಿ ಹೋಗ್ಲಿಲ್ಲ. ಬೆಳಿಗ್ಗೇನೇ ತೆರೆದಿದ್ದೆ. ಯಾರದೋ ಕರಾರು ಕೈಯಲ್ಲಿಟ್ಕೊಂಡು ಅರೆಗಣ್ಣಲ್ಲಿ ನೋಡಿ ಬಿಟ್ಟೆ. ಆಗ್ಲೇ ಐದು ನಿಮಿಷ ಕೂತು ಹೊಡೆದಿದ್ರೆ ಹನ್ನೊಂದಕ್ಕೆಲ್ಲ ಚೀಟಿ ನಿನ್ನ ಕೈ ಸೇರ್ತಿತ್ತು. ಆ ಗಂಟೆ ಬರ್ತಾನೇ ಇರ್ಲಿಲ್ಲ."

ಪುಟ್ಟಿ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದು ಟೈಪಕ್ಕ ಕಾದಳು. ಬೈದರೆ ಒಳ್ಳೆಯದು ಎಂದೂ ಅನಿಸಿತು. ರಸ್ತೆಯಲ್ಲಿ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು.

"ಈಗ ಯಾಕೆ ಹೇಳಿದ್ರಿ?" ಎಂದಳು ಕೊನೆಗೆ.

"ಬೈಯೋಕೆ ಜಾಗ ಇಲ್ಲ ಅಂದ್ಯಲ್ಲ."

ಪುಟ್ಟಿ ಸೆರಗಿನಿಂದ ಮುಖ ಒತ್ತಿಕೊಂಡಳು. ಬೈಯಲಿಲ್ಲ. ಆಮೇಲೆ, "ಮೊದ್ಲು ಅರ್ಜಿ ಮಾಡಿ. ಆಮೇಲೆ ಕೌಂಟರ್ ತನಕ ನನ್ನ ಜೊತೆ ಬನ್ನಿ. ಈ ಬಾಟಲಿ ಒಬ್ಬಳೇ ಕೊಡೋಕೆ ಆಗಲ್ಲ ನಂಗೆ" ಎಂದಳು.

ಟೈಪಕ್ಕ ಹಾಳೆ ಸಿದ್ಧ ಮಾಡಿಕೊಂಡಳು. ಈಗ ಅವಳ ಕಂಪ್ಯೂಟರಿನ ಅಂಚಿನಲ್ಲಿ ಒಂದು ಸಣ್ಣ ಕಾಗದ ಅಂಟಿತ್ತು: "ಔಷಧಿ ಚೀಟಿ: ಬಾಟಲಿ ಎದುರಿಗಿರಬೇಕು, ಫಾರ್ಮಸಿಸ್ಟ್ ಸಹಿಯಾಗದೆ ಕೊಡುವುದಿಲ್ಲ." ಅದರಿಂದ ಗಿರಾಕಿಗಳು ಗೊಣಗುತ್ತಿದ್ದರು, ಕೆಲವರು ಬಿಟ್ಟೂ ಹೋಗಿದ್ದರು.

"ಅಪ್ಪನ ಹೆಸರು..." ಪುಟ್ಟಿ ಹೇಳತೊಡಗಿದಳು. ತಟ್ಟನೆ ನಿಂತು, ಇಷ್ಟು ದಿನದಲ್ಲಿ ಮೊದಲ ಸಲ ತುಟಿಯಂಚಿನಲ್ಲಿ ಒಂದಿಷ್ಟು ನಕ್ಕಳು. "ನಿಮಗೆ ಹೇಳ್ಬೇಕಾ? ನಂಗಿಂತ ಮೊದಲಿಂದ ಗೊತ್ತಲ್ಲ."

"ಕಾಗದ ಕೊಡು ಮರಿ" ಎಂದಳು ಟೈಪಕ್ಕ.

ಪುಟ್ಟಿ ಆಸ್ಪತ್ರೆಯ ಪತ್ರವನ್ನು ಬಿಡಿಸಿ, ಮೇಜಿನ ಮೇಲೆ ಅಂಚು ಸರಿಮಾಡಿ ಇಟ್ಟಳು. ನಲವತ್ತೊಂದು ವರ್ಷಗಳಿಂದ ಬಲ್ಲ ಆ ಹೆಸರನ್ನು ಟೈಪಕ್ಕ ಒಂದೊಂದೇ ಅಕ್ಷರ ನೋಡಿ ಹೊಡೆದಳು. ಕೈ ನೋಡಲಿಲ್ಲ. ಕಣ್ಣು ಮಂಜಾಗಿ ಸಾಲು ಕಾಣದಾದಾಗ ಬೆರಳು ಎತ್ತಿ ಕಾದಳು, ಕಂಡ ಮೇಲೆ ಮುಂದುವರಿಸಿದಳು.